ಬೀಗ 256 ಬಿಟ್, ಬೀಗದಕೈ 15 ಬಿಟ್

ಪ್ರಶ್ನೆ: ನಮ್ಮ ಆಡಿಟರ್ ಪ್ರತಿ ವರ್ಷ ರಿಟರ್ನ್ ಫೈಲ್ ಮಾಡಿದ ಮೇಲೆ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಸೇರಿಸಿ ಜಿಪ್ ಫೈಲ್ ಮಾಡಿ ಮೇಲ್‌ನಲ್ಲಿ ಕಳಿಸುತ್ತಾರೆ. ಪಾಸ್‌ವರ್ಡ್ ಅಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಹುಟ್ಟಿದ ಇಸವಿ. "ಇದು 256 ಬಿಟ್ ಎನ್‌ಕ್ರಿಪ್ಷನ್, ಲೋಕದ ಕಂಪ್ಯೂಟರೆಲ್ಲ ಸೇರಿದರೂ ಕೋಟಿ ವರ್ಷ ಬೇಕು" ಅನ್ನುತ್ತಾರೆ. ಎಂಜಿನಿಯರಿಂಗ್ ಓದುವ ನನ್ನ ಮಗ "ಐದು ನಿಮಿಷ ಸಾಕು" ಅನ್ನುತ್ತಾನೆ. ಯಾರ ಮಾತು ಸರಿ? ಈ ವರ್ಷಗಳ ಲೆಕ್ಕ ಹಾಕುವುದು ಹೇಗೆ?

ಉತ್ತರ: ಆಡಿಟರ್ ಹೇಳಿದ್ದು ಬೀಗದ ಮಾತು, ನಿಮ್ಮ ಮಗ ಹೇಳಿದ್ದು ಬೀಗದಕೈಯ ಮಾತು. ಎರಡೂ ನಿಜ. ಆದರೆ ನಿಮ್ಮ ಫೈಲಿನ ಹಣೆಬರಹ ತೀರ್ಮಾನ ಆಗುವುದು ಮಗನ ಮಾತಿನ ಮೇಲೆ. ಐದು ನಿಮಿಷ ಎಂದದ್ದರಲ್ಲಿ ಅವನೂ ಧಾರಾಳವಾಗಿಯೇ ಸಮಯ ಕೊಟ್ಟಿದ್ದಾನೆ. ಹೇಗೆಂದು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಗುಣಾಕಾರ, ಭಾಗಾಕಾರ ಬಿಟ್ಟರೆ ಇದರಲ್ಲಿ ಬೇರೆ ವಿದ್ಯೆಯೇನೂ ಇಲ್ಲ.

ಪ್ರಯಾಣದ ಸೂಟ್‌ಕೇಸಿನ ಮೂರು ಚಕ್ರದ ನಂಬರ್ ಬೀಗ ನೋಡಿರುತ್ತೀರಿ. 000ದಿಂದ 999ರವರೆಗೆ ಒಟ್ಟು 1,000 ಸಾಧ್ಯತೆ. ಸೆಕೆಂಡಿಗೆ ಒಂದರಂತೆ ತಿರುಗಿಸುತ್ತಾ ಹೋದರೆ 17 ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ. ಅದೃಷ್ಟ ಚೆನ್ನಾಗಿದ್ದರೆ ಮೊದಲೇ ಸಿಗಬಹುದು, ಕೆಟ್ಟಿದ್ದರೆ ಕೊನೆಯಲ್ಲಿ. ಸರಾಸರಿ ಹಿಡಿದರೆ ಅರ್ಧ ದಾರಿ, ಅಂದರೆ ಎಂಟು ನಿಮಿಷದ ಆಸುಪಾಸು. ಒಂದೊಂದಾಗಿ ಎಲ್ಲ ಕೀಲಿಗಳನ್ನೂ ಹಾಕಿ ನೋಡುವ ಹುಡುಕಾಟ ಅಂದರೆ ಇಷ್ಟೇ. ಎಷ್ಟು ಸಾಧ್ಯತೆ ಇದೆ, ಸೆಕೆಂಡಿಗೆ ಎಷ್ಟು ಹಾಕಿ ನೋಡಬಲ್ಲೆ, ಒಂದನ್ನು ಇನ್ನೊಂದರಿಂದ ಭಾಗಿಸು.

ಬಿಟ್ ಎನ್ನುವುದು ಈ 'ಎಷ್ಟು ಸಾಧ್ಯತೆ'ಯನ್ನು ಚುಟುಕಾಗಿ ಹೇಳುವ ರೀತಿ. ಒಂದು ಬಿಟ್ ಅಂದರೆ ಎರಡು ಸಾಧ್ಯತೆ. ಒಂದು ಬಿಟ್ ಹೆಚ್ಚಾದರೆ ಸಾಧ್ಯತೆ ಇಮ್ಮಡಿ. ಹತ್ತು ಬಿಟ್ ಹೆಚ್ಚಾದರೆ 1,024 ಪಟ್ಟು, ಬಾಯಿಲೆಕ್ಕಕ್ಕೆ ಸಾವಿರ ಪಟ್ಟು ಎಂದಿಟ್ಟುಕೊಳ್ಳಿ. ನಮ್ಮ ಸೂಟ್‌ಕೇಸಿನ ಬೀಗ ಹೆಚ್ಚುಕಡಿಮೆ 10 ಬಿಟ್‌ನದು. 'ಹತ್ತು ಬಿಟ್‌ಗೆ ಸಾವಿರ ಪಟ್ಟು' ಎಂಬ ಇದೊಂದು ಸೂತ್ರ ನೆನಪಿದ್ದರೆ ಮುಂದಿನ ಲೆಕ್ಕಗಳನ್ನೆಲ್ಲ ಕಾಗದ ಇಲ್ಲದೆಯೂ ಹಾಕಬಹುದು.

ಮೊದಲು ಆಡಿಟರ್ ಪಕ್ಷದ ವಾದ. ಒಂದು ಕೀಲಿಯನ್ನು ನಿಜವಾಗಿಯೂ ಒಂದೊಂದಾಗಿ ಹುಡುಕಿ ತೆಗೆದ ಪ್ರಸಿದ್ಧ ಉದಾಹರಣೆ ಅಮೆರಿಕದ್ದು. 1977ರಲ್ಲಿ ಅಲ್ಲಿನ ಸರ್ಕಾರ ಡಿಇಎಸ್ ಎಂಬ ಗೂಢಲಿಪಿ ವಿಧಾನವನ್ನು ಮಾನಕವಾಗಿ ಒಪ್ಪಿಕೊಂಡಿತು. ಅದರ ಕೀಲಿ 56 ಬಿಟ್, ಅಂದರೆ ಸುಮಾರು 720 ಕೋಟಿ ಕೋಟಿ ಸಾಧ್ಯತೆ. ಕೇಳಿದರೆ ಎದೆ ಝಲ್ಲೆನ್ನುವ ಸಂಖ್ಯೆ. ಆದರೆ ಅದೇ ವರ್ಷ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಎಂಬ ಗೂಢಲಿಪಿ ತಜ್ಞರು ಕುಳಿತು ಭಾಗಾಕಾರ ಮಾಡಿದರು. ಸೆಕೆಂಡಿಗೆ ಹತ್ತು ಲಕ್ಷ ಕೀಲಿ ನೋಡುವ ಚಿಪ್ ಮಾಡಿ, ಅಂಥ ಹತ್ತು ಲಕ್ಷ ಚಿಪ್ ಜೋಡಿಸಿದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀಲಿ ಮುಗಿಯುತ್ತದೆ. ಇಡೀ ರಾಶಿ ಖಾಲಿಯಾಗಲು 20 ಗಂಟೆ ಸಾಕು, ಖರ್ಚು ಎರಡು ಕೋಟಿ ಡಾಲರ್ ಎಂದು ಅಂದಾಜಿಸಿದರು. ಇಂಥ ಯಂತ್ರ ಕಟ್ಟುವುದು ಆಗಹೋಗುವ ಮಾತಲ್ಲ ಎಂದು ಆಗ ಹಲವರು ತಲೆ ಅಲ್ಲಾಡಿಸಿದರು.

1998ರ ಜುಲೈಯಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಂಸ್ಥೆ ಆ ಕೆಲಸವನ್ನು ಎರಡೂವರೆ ಲಕ್ಷ ಡಾಲರಿನೊಳಗೆ ಮಾಡಿ ತೋರಿಸಿತು. ಯಂತ್ರಕ್ಕೆ ಇಟ್ಟ ಹೆಸರು ಡೀಪ್ ಕ್ರ್ಯಾಕ್. ಅದರಲ್ಲಿ ಇದೊಂದೇ ಕೆಲಸಕ್ಕೆಂದು ಮಾಡಿಸಿದ ಸಾವಿರದ ಎಂಟುನೂರಕ್ಕೂ ಹೆಚ್ಚು ಚಿಪ್‌ಗಳಿದ್ದವು. ಒಟ್ಟು ವೇಗ ಸೆಕೆಂಡಿಗೆ ಸುಮಾರು 9,000 ಕೋಟಿ ಕೀಲಿ. ಭಾಗಿಸಿ ನೋಡಿ, ಎಲ್ಲ ಕೀಲಿ ಮುಗಿಸಲು ಒಂಬತ್ತು ದಿನದ ಮೇಲೆ ಸ್ವಲ್ಪ ಬೇಕು, ಸರಾಸರಿ ನಾಲ್ಕೂವರೆ ದಿನ. ಸ್ಪರ್ಧೆಗೆ ಇಟ್ಟಿದ್ದ ಸಂದೇಶದ ಕೀಲಿ ಅವರಿಗೆ 56 ಗಂಟೆಯಲ್ಲೇ ಸಿಕ್ಕಿತು, ಅಂದರೆ ರಾಶಿಯ ಕಾಲು ಭಾಗ ಸವೆಯುವಷ್ಟರಲ್ಲಿ. ತೆರೆದಾಗ ಒಳಗಿದ್ದ ಸಂದೇಶದ ತಾತ್ಪರ್ಯ, ಇನ್ನು 128, 192, 256 ಬಿಟ್ ಕೀಲಿಗಳ ಕಾಲ ಬಂತು ಎಂಬುದಾಗಿತ್ತು.

ಇಲ್ಲಿ ಒಂದು ಸಣ್ಣ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸರಿಯಾದ ಕೀಲಿ ಬಂದದ್ದು ಯಂತ್ರಕ್ಕೆ ಗೊತ್ತಾಗುವುದು ಹೇಗೆ? ಸೂಟ್‌ಕೇಸ್ 'ಟಕ್' ಎನ್ನುತ್ತದೆ, ಗೂಢಲಿಪಿ ಹಾಗೆ ಸದ್ದು ಮಾಡುವುದಿಲ್ಲ. ತಪ್ಪು ಕೀಲಿ ಹಾಕಿದರೂ ಏನೋ ಒಂದು ಅಕ್ಷರರಾಶಿ ಹೊರಗೆ ಬರುತ್ತದೆ. ಡೀಪ್ ಕ್ರ್ಯಾಕಿನ ಚಿಪ್‌ಗಳು ಹೊರಬಂದದ್ದು ಓದಬಹುದಾದ ಅಕ್ಷರಗಳಂತೆ ಕಾಣುತ್ತದೆಯೇ ಎಂದಷ್ಟೇ ನೋಡಿ, ಹೌದೆನ್ನಿಸಿದ್ದನ್ನು ಜೊತೆಗಿದ್ದ ಕಂಪ್ಯೂಟರಿಗೆ ದಾಟಿಸುತ್ತಿದ್ದವು. ನಿಮ್ಮ ಜಿಪ್ ಫೈಲಿನಲ್ಲಿ ಇಷ್ಟೂ ಕಷ್ಟವಿಲ್ಲ. ತಪ್ಪು ಪಾಸ್‌ವರ್ಡ್ ಕೊಟ್ಟವರಿಗೆ ಕೂಡಲೇ ತಿಳಿಯಲಿ ಎಂದು ಅದರೊಳಗೇ ಎರಡು ಬೈಟ್‌ಗಳ, ಅಂದರೆ 16 ಬಿಟ್‌ಗಳ, ಒಂದು ಗುರುತು ಇರುತ್ತದೆ. ತಪ್ಪು ಪಾಸ್‌ವರ್ಡ್‌ಗಳಲ್ಲಿ 65,536ಕ್ಕೆ ಒಂದು ಮಾತ್ರ ಆ ಜರಡಿಯಿಂದ ತಪ್ಪಿಸಿಕೊಳ್ಳುತ್ತದೆ. ಅಂಥದ್ದನ್ನು ಮಾತ್ರ ಪೂರ್ತಿ ಬಿಚ್ಚಿ ನೋಡಿದರಾಯಿತು.

ಹಾಗಾದರೆ 56 ಬಿಟ್ 56 ಗಂಟೆಗೆ ಬಿತ್ತು, 128 ಬಿಟ್ ಅದರ ಎರಡೂಕಾಲು ಪಟ್ಟಿಗೆ ಬೀಳುತ್ತದೆಯೇ? ಅನೇಕರು ಎಡವುವುದು ಇಲ್ಲಿ. ನಡುವೆ 72 ಬಿಟ್ ಅಂತರವಿದೆ, ಪ್ರತಿ ಬಿಟ್‌ಗೂ ಕೆಲಸ ಇಮ್ಮಡಿ. ಇಡೀ ಡಿಇಎಸ್ ರಾಶಿಯನ್ನು ಒಂದೇ ಒಂದು ಸೆಕೆಂಡಿನಲ್ಲಿ ಮುಗಿಸುವ ಯಂತ್ರ ನಿಮ್ಮ ಬಳಿ ಇದೆ ಎಂದುಕೊಳ್ಳಿ. ಅದೇ ಯಂತ್ರ 128 ಬಿಟ್ ಮುಗಿಸಲು ತೆಗೆದುಕೊಳ್ಳುವುದು ಸುಮಾರು ಒಂದೂವರೆ ಕೋಟಿ ಕೋಟಿ ವರ್ಷ. ನಾವಿರುವ ಈ ಬ್ರಹ್ಮಾಂಡದ ವಯಸ್ಸೇ 1,380 ಕೋಟಿ ವರ್ಷ.

ಯಂತ್ರ ಒಂದೇ ಯಾಕೆ, ಲೋಕದ್ದೆಲ್ಲ ಸೇರಲಿ ಎಂದರೆ ಅದಕ್ಕೂ ಒಂದು ಅಳತೆಗೋಲು ಸಿಕ್ಕಿದೆ. ಬಿಟ್‌ಕಾಯಿನ್ ಗಣಿಗಾರಿಕೆಯ ಯಂತ್ರಗಳೆಲ್ಲ ಸೇರಿ ಈಗ ಸೆಕೆಂಡಿಗೆ ಒಂದು ಕೋಟಿ ಕೋಟಿ ಕೋಟಿಯ ಆಸುಪಾಸು ಹ್ಯಾಶ್ ಲೆಕ್ಕ ಹಾಕುತ್ತವೆ, ಒಂದರ ಮುಂದೆ 21 ಸೊನ್ನೆ. ಹ್ಯಾಶ್ ಅಂದರೆ ಮಾಹಿತಿಯನ್ನು ಅರೆದು ನಿಗದಿತ ಉದ್ದದ ಸಂಖ್ಯೆಯಾಗಿಸುವ, ಹಿಂದಕ್ಕೆ ತಿರುಗಿಸಲಾಗದ ಲೆಕ್ಕ. ಆ ಯಂತ್ರಗಳಿಗೆ ಕೀಲಿ ಹುಡುಕಲು ಬರುವುದಿಲ್ಲ, ಅವು ಒಂದೇ ಕೆಲಸ ಕಲಿತವು. ಆದರೂ ಮನುಷ್ಯರು ಒಂದೇ ಬಗೆಯ ಲೆಕ್ಕಕ್ಕೆ ಸುರಿದ ಇಷ್ಟು ದೊಡ್ಡ ಶಕ್ತಿ ಬೇರೆ ನನಗೆ ಗೊತ್ತಿಲ್ಲ, ಆದ್ದರಿಂದ ಅಳತೆಗೆ ಇದನ್ನೇ ಇಟ್ಟುಕೊಳ್ಳುತ್ತೇನೆ. ಅವೆಲ್ಲ ಕೀಲಿ ಹುಡುಕಲು ಇಳಿದವು ಎಂದುಕೊಂಡರೆ, 80 ಬಿಟ್ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. 90 ಬಿಟ್‌ಗೆ ಎರಡು ವಾರ. 100 ಬಿಟ್‌ಗೆ 40 ವರ್ಷ. ಇಲ್ಲಿಯವರೆಗೆ ಮನುಷ್ಯನ ಆಯಸ್ಸಿನೊಳಗಿನ ಲೆಕ್ಕ. 128 ಬಿಟ್‌ಗೆ ಬಂದರೆ ಸಾವಿರದ ಎಂಬತ್ತು ಕೋಟಿ ವರ್ಷ, ಸರಾಸರಿ ಎಂದರೂ ಅದರಲ್ಲರ್ಧ.

ಕಂಪ್ಯೂಟರುಗಳ ವೇಗ ಹೆಚ್ಚುತ್ತಲೇ ಇರುತ್ತದಲ್ಲ ಎಂದು ನಿಮ್ಮ ಮಗ ಕೇಳಬಹುದು. ಅದಕ್ಕೆ ಉತ್ತರ ವೇಗದಲ್ಲಿ ಹುಡುಕಬಾರದು, ಕರೆಂಟ್ ಬಿಲ್ಲಿನಲ್ಲಿ ಹುಡುಕಬೇಕು. ಇವತ್ತಿನ ಒಳ್ಳೆಯ ಗಣಿ ಯಂತ್ರ ಒಂದು ಲಕ್ಷ ಕೋಟಿ ಹ್ಯಾಶ್‌ಗೆ 15 ಜೂಲ್‌ನಷ್ಟು ಶಕ್ತಿ ತಿನ್ನುತ್ತದೆ. ಒಂದು ಕೀಲಿ ನೋಡಲು ಅಷ್ಟೇ ಸಾಕು ಎಂದು ಹಿಡಿದರೂ 2^128, ಅಂದರೆ 128 ಬಿಟ್‌ನ ಅಷ್ಟೂ ಕೀಲಿಗಳಿಗೆ ಬೇಕಾಗುವ ಶಕ್ತಿ, ಇಡೀ ಭೂಮಿಯ ಮೇಲೆ ಬೀಳುವ ಅಷ್ಟೂ ಬಿಸಿಲನ್ನು ಒಂದು ಹನಿ ಚೆಲ್ಲದಂತೆ ಒಂಬೈನೂರು ವರ್ಷ ಹಿಡಿದಿಟ್ಟರೆ ಸಿಗುವಷ್ಟು. 256 ಬಿಟ್ ಅಂದರೆ ಇದನ್ನು ಮತ್ತೆ 2^128ರಿಂದ ಗುಣಿಸಬೇಕು. ಆ ಸಂಖ್ಯೆಗೆ ಹೋಲಿಕೆ ಕೊಡಲು ಹೊರಟರೆ ಮಾತು ಪುರಾಣವಾಗುತ್ತದೆ, ಬಿಟ್ಟುಬಿಡೋಣ.

ಕ್ವಾಂಟಮ್ ಕಂಪ್ಯೂಟರಿನ ಬಗ್ಗೆಯೂ ಒಂದು ಮಾತು, ಯಾಕೆಂದರೆ ಯಾರಾದರೂ ತೆಗೆದೇ ತೆಗೆಯುತ್ತಾರೆ. ಗ್ರೋವರ್ ಎಂಬವರ ವಿಧಾನದಲ್ಲಿ 128 ಬಿಟ್ ಹುಡುಕಾಟಕ್ಕೆ 2^64ರ ಆಸುಪಾಸು ಹೆಜ್ಜೆ ಸಾಕು. ಆದರೆ ಆ ಹೆಜ್ಜೆಗಳನ್ನು ಒಂದರ ಹಿಂದೊಂದು ಇಡಬೇಕು. ನೂರು ಯಂತ್ರಕ್ಕೆ ಹಂಚಿದರೆ ಕೆಲಸ ನೂರು ಪಟ್ಟು ಬೇಗ ಆಗುವುದಿಲ್ಲ, ಹತ್ತು ಪಟ್ಟು ಮಾತ್ರ. ಒಂದು ಹೆಜ್ಜೆಗೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ಹಿಡಿದರೂ ಒಂದು ಯಂತ್ರಕ್ಕೆ ಸುಮಾರು ಐದು ಲಕ್ಷ ವರ್ಷ. ಆರ್‌ಎಸ್‌ಎ ತರಹದ ಗೂಢಲಿಪಿ ವಿಧಾನಗಳಿಗೆ ಕ್ವಾಂಟಮ್ ನಿಜವಾದ ಅಪಾಯ, ಆದರೆ ಅಲ್ಲಿ ಕೀಲಿಯನ್ನು ಒಂದೊಂದಾಗಿ ಹುಡುಕುವುದೇ ಇಲ್ಲ, ದೊಡ್ಡ ಸಂಖ್ಯೆಯ ಅಪವರ್ತನ ಕಂಡುಹಿಡಿಯುತ್ತಾರೆ. ಅದಕ್ಕೇ ಆರ್‌ಎಸ್‌ಎಯ 2,048 ಬಿಟ್ ಅನ್ನೂ ನಿಮ್ಮ ಜಿಪ್ಪಿನ 256 ಬಿಟ್ ಅನ್ನೂ ಅಕ್ಕಪಕ್ಕ ಇಟ್ಟು ಅಳೆಯಬಾರದು. ಆ 2,048 ಬಿಟ್‌ನ ನಿಜವಾದ ಗಟ್ಟಿತನ ಈ ಕಡೆಯ 112 ಬಿಟ್‌ಗೆ ಸಮ ಎಂದು ಲೆಕ್ಕ.

ಇಷ್ಟರಮಟ್ಟಿಗೆ ಆಡಿಟರ್ ಗೆದ್ದರು. ಕೋಟಿ ವರ್ಷ ಎಂದದ್ದು ಕಡಿಮೆಯೇ ಆಯಿತು.

ಈಗ ಫೈಲಿನ ಒಳಗೆ ಇಣುಕೋಣ. 256 ಬಿಟ್‌ನ ಕೀಲಿಯನ್ನು ಆಡಿಟರ್ ಎಲ್ಲಿಂದ ತಂದರು? ಅವರು ಟೈಪ್ ಮಾಡಿದ್ದು ಎಂಟು ಅಕ್ಷರ. ಜಿಪ್ ತಂತ್ರಾಂಶ ಆ ಎಂಟು ಅಕ್ಷರವನ್ನೂ ಫೈಲಿನಲ್ಲೇ ಬಹಿರಂಗವಾಗಿ ಬರೆದಿಟ್ಟ 'ಸಾಲ್ಟ್' ಎಂಬ ಯಾದೃಚ್ಛಿಕ ಚೂರನ್ನೂ ಕಲಸಿ, ಒಂದು ಹ್ಯಾಶ್ ಲೆಕ್ಕವನ್ನು 1,000 ಸುತ್ತು ತಿರುಗಿಸಿ, 256 ಬಿಟ್ ಉದ್ದದ ಕೀಲಿ ಹೊರಗೆ ಹಾಕುತ್ತದೆ. ನೋಡಲು ಆ ಕೀಲಿ ಪಕ್ಕಾ 256 ಬಿಟ್. ಆದರೆ ಅದೇ ಎಂಟು ಅಕ್ಷರ, ಅದೇ ಸಾಲ್ಟ್ ಕೊಟ್ಟರೆ ಯಾವಾಗಲೂ ಅದೇ ಕೀಲಿ ಬರುತ್ತದೆ. ಹಾಗಾಗಿ ಬಿಚ್ಚಲು ಕುಳಿತವನು 2^256 ಕೀಲಿಗಳ ಗೊಡವೆಗೆ ಯಾಕೆ ಹೋಗುತ್ತಾನೆ? ಎಂಟಕ್ಷರದ ಕಡೆಯಿಂದ ಬರುತ್ತಾನೆ. ಒಂದು ಪಾಸ್‌ವರ್ಡ್ ಊಹಿಸು, ಸಾವಿರ ಸುತ್ತು ತಿರುಗಿಸು, ಎರಡು ಬೈಟ್‌ನ ಗುರುತಿಗೆ ಹೊಂದುತ್ತದೆಯೇ ನೋಡು, ಇಲ್ಲವಾದರೆ ಮುಂದಿನದು.

ಹಾಗಾದರೆ ಎಣಿಸಬೇಕಾದ್ದು ಆಡಿಟರ್ ಕೊಡಬಹುದಾದ ಪಾಸ್‌ವರ್ಡ್‌ಗಳು ಎಷ್ಟು ಎಂಬುದನ್ನು. ಈ ಎಣಿಕೆಯನ್ನು ಬಿಟ್‌ಗಳಲ್ಲಿ ಹೇಳಿದರೆ ಅದೇ ಎಂಟ್ರೊಪಿ. ಎಂಟ್ರೊಪಿ ಇರುವುದು ಅಕ್ಷರಗಳಲ್ಲಿ ಅಲ್ಲ, ಅವನ್ನು ಆರಿಸಿದ ರೀತಿಯಲ್ಲಿ. `SHIV1974` ಎಂಬ ಎಂಟು ಗುರುತುಗಳನ್ನೇ ತೆಗೆದುಕೊಳ್ಳಿ. ಯಾರೋ 26 ಅಕ್ಷರ, 10 ಅಂಕಿ ಬರೆದ 36 ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಕುಲುಕಿ, ಪ್ರತಿ ಸಲವೂ ಚೀಟಿ ವಾಪಸ್ ಹಾಕಿ, ಎಂಟು ಸಲ ಎತ್ತಿದಾಗ ಇದು ಬಂತು ಎಂದರೆ ಅದು 41 ಬಿಟ್‌ನ ಪಾಸ್‌ವರ್ಡ್. ಶಿವಕುಮಾರ್ ಎಂಬವರು 1974ರಲ್ಲಿ ಹುಟ್ಟಿದ್ದಕ್ಕೆ ಬಂತು ಎಂದರೆ ಬೇರೆಯೇ ಲೆಕ್ಕ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕೆಲವು ವೆಬ್‌ಸೈಟುಗಳು ಪಾಸ್‌ವರ್ಡ್ ಟೈಪ್ ಮಾಡುವಾಗ ಹಸಿರು ಪಟ್ಟಿ ತೋರಿಸಿ 'ಸ್ಟ್ರಾಂಗ್' ಎನ್ನುತ್ತವಲ್ಲ, ಅವುಗಳಲ್ಲಿ ಬರೀ ಅಕ್ಷರ ಎಣಿಸುವಂಥವು ಮೊದಲನೇ ಲೆಕ್ಕ ಹಾಕುತ್ತವೆ. ಕಳ್ಳ ಎರಡನೆಯದನ್ನು ಹಾಕುತ್ತಾನೆ.

ಆ ಎರಡನೇ ಲೆಕ್ಕ ಹಾಕೋಣ. ಕಳ್ಳನ ಕೈಗೆ ಫೈಲ್ ಸಿಕ್ಕಿದೆ, ಪಾಸ್‌ವರ್ಡಿನ ಮಾದರಿ ಗೊತ್ತಿದೆ. ಮಾದರಿ ಗುಟ್ಟೇನಲ್ಲ, ಆಡಿಟರ್ ಎಲ್ಲ ಕಕ್ಷಿದಾರರಿಗೂ ಮೇಲ್‌ನಲ್ಲೇ ಬರೆದಿರುತ್ತಾರೆ. ಇ-ಆಧಾರ್ ಪಿಡಿಎಫ್‌ಗೂ ಇದೇ ಮಾದರಿ ಇರುವುದರಿಂದ ಊರಿಗೆಲ್ಲ ಬಾಯಿಪಾಠ. ಹೆಸರು ಗೊತ್ತಿಲ್ಲ ಎಂದೇ ಇಟ್ಟುಕೊಳ್ಳಿ. ನಾಲ್ಕು ಇಂಗ್ಲಿಷ್ ಅಕ್ಷರಕ್ಕೆ 26ರ ನಾಲ್ಕನೇ ಘಾತ, ಅಂದರೆ 4,56,976. ಇಸವಿಗೆ ನೂರು. ಗುಣಿಸಿದರೆ ನಾಲ್ಕೂವರೆ ಕೋಟಿ ಚಿಲ್ಲರೆ, ಬಿಟ್ ಲೆಕ್ಕದಲ್ಲಿ 25ರ ಮೇಲೆ ಸ್ವಲ್ಪ. ಗೇಮ್ ಆಡುವ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಇಂಥ ಜಿಪ್ ಪಾಸ್‌ವರ್ಡ್‌ಗಳನ್ನು ಸೆಕೆಂಡಿಗೆ ಹತ್ತು ಲಕ್ಷ ನೋಡುತ್ತದೆ ಎಂದು ಕಡಿಮೆಯೇ ಹಿಡಿಯೋಣ. ಎಲ್ಲ ಮುಗಿಸಲು 46 ಸೆಕೆಂಡು.

ಆದರೆ ಯಾವ ಕಳ್ಳನೂ AAAAಯಿಂದ ಶುರುಮಾಡಿ ZZZZವರೆಗೆ ಹೋಗುವುದಿಲ್ಲ. XQZJ ಎಂದು ಶುರುವಾಗುವ ಹೆಸರು ನಮ್ಮ ಕಡೆ ಯಾರಿಗಿದೆ? SHIV, MANJ, NAGA, VENK, LAKS, RAVI, SURE ಎಂದು ಬರೆಯುತ್ತಾ ಹೋದರೆ ಐನೂರು ತುಣುಕಿನೊಳಗೆ ಪರಿಚಯದವರ ಹೆಸರುಗಳಲ್ಲಿ ಬಹುಪಾಲು ಬಂದುಬಿಡುತ್ತವೆ. ತೆರಿಗೆ ಕಟ್ಟುವವರೆಂದರೆ ಇಪ್ಪತ್ತರಿಂದ ಎಂಬತ್ತರ ನಡುವಿನವರು, ಇಸವಿಗೆ 60 ಸಾಕು. ಐನೂರು ಸಲ ಅರವತ್ತು, 30,000. ಅಲ್ಲಿಗೆ 15 ಬಿಟ್. ಗ್ರಾಫಿಕ್ಸ್ ಕಾರ್ಡಿಗೆ ಇದು ಸೆಕೆಂಡಿನ ನೂರನೆಯ ಮೂರು ಭಾಗದ ಕೆಲಸ. ಇನ್ನು ನಿಮ್ಮ ಹೆಸರು ಗೊತ್ತಿದ್ದರೆ, ಮೇಲ್ ಐಡಿಯಲ್ಲೇ ಅದು ಇರುತ್ತದಲ್ಲ, ಉಳಿಯುವುದು 60 ಇಸವಿ, ಆರು ಬಿಟ್. ಅದಕ್ಕೆ ಕಂಪ್ಯೂಟರ್ ಬೇಡ, ಕಾಫಿ ಆರುವುದರೊಳಗೆ ಕೈಯಲ್ಲೇ ಟೈಪ್ ಮಾಡಬಹುದು. ಮತದಾರರ ಪಟ್ಟಿಯಲ್ಲಿ ಹೆಸರಿನ ಜೊತೆ ವಯಸ್ಸೂ ಇರುತ್ತದೆ, ಅದನ್ನು ನೋಡಿದವನಿಗೆ ಎರಡು ಮೂರು ಪ್ರಯತ್ನ ಸಾಕು. ಎಂಟ್ರೊಪಿ ಹೀಗೆ ಎದುರಾಳಿಗೆ ಏನು ಗೊತ್ತು ಎಂಬುದರ ಮೇಲೆ ಕರಗುತ್ತಾ ಹೋಗುತ್ತದೆ. ಫೈಲಿನೊಳಗಿನ 256 ಮಾತ್ರ ಹಾಗೇ ಇರುತ್ತದೆ.

ಆಡಿಟರನ್ನೊಬ್ಬರನ್ನೇ ದೂರಿ ಪ್ರಯೋಜನವಿಲ್ಲ, ನಾನೂ ಇದೇ ಕೆಲಸ ಮಾಡಿಕೊಂಡವನು. ಮನೆಯ ವೈಫೈಗೆ ಬಹಳ ಕಾಲ ನನ್ನ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿದ್ದೆ. ನೆಂಟರು ಬಂದರೆ ಹೇಳಲು ಸುಲಭ, ಹತ್ತು ಅಂಕಿ ಉದ್ದವೂ ಇದೆ ಎಂಬ ಸಮಾಧಾನ. ಒಂದು ಭಾನುವಾರ ಮಗನ ಗೇಮಿಂಗ್ ಕಂಪ್ಯೂಟರ್ ಖಾಲಿ ಸಿಕ್ಕಿತು, ನಮ್ಮದೇ ರೌಟರಿನ ಮೇಲೆ ಪರೀಕ್ಷೆ ಮಾಡಿದೆ. ಫೋನು ರೌಟರಿಗೆ ಸೇರಿಕೊಳ್ಳುವಾಗ ಗಾಳಿಯಲ್ಲಿ ಹೋಗುವ ನಾಲ್ಕು ಮಾಹಿತಿ ಪೊಟ್ಟಣಗಳನ್ನು ಹಿಡಿದಿಟ್ಟುಕೊಂಡರೆ, ಆಮೇಲೆ ಊಹೆಗಳನ್ನು ರೌಟರಿನ ಗೊಡವೆಯೇ ಇಲ್ಲದೆ ಹಾಕಿ ನೋಡಬಹುದು. ಮೂರು ಸಲ ತಪ್ಪಿದರೆ ಲಾಕ್ ಎಂಬ ಕಾವಲು ಅಲ್ಲಿಲ್ಲ. ವೈಫೈಯ ಡಬ್ಲ್ಯುಪಿಎ2 ವಿಧಾನದಲ್ಲಿ ಪಾಸ್‌ವರ್ಡನ್ನು 4,096 ಸುತ್ತು ತಿರುಗಿಸುವುದರಿಂದ ಜಿಪ್ಪಿಗಿಂತ ನಿಧಾನ, ಮಗನ ಕಾರ್ಡ್ ಸೆಕೆಂಡಿಗೆ ಸುಮಾರು ನಾಲ್ಕು ಲಕ್ಷ ನೋಡುತ್ತಿತ್ತು. ನಮ್ಮ ದೇಶದ ಮೊಬೈಲ್ ನಂಬರ್ 6, 7, 8 ಅಥವಾ 9ರಿಂದ ಶುರು, ಹಾಗಾಗಿ 400 ಕೋಟಿ ಸಾಧ್ಯತೆ. ಬಿಟ್ ಎಷ್ಟು ಎಂದು ತಿಳಿಯಬೇಕಿದ್ದರೆ:

```
import math
n = 4 * 10**9
print(math.log2(n))      # 31.897...
print(n / 400000 / 3600) # 2.777... ಗಂಟೆ
```

ಮೂವತ್ತೆರಡು ಬಿಟ್, ಪೂರ್ತಿ ಹುಡುಕಿದರೆ ಎರಡು ಮುಕ್ಕಾಲು ಗಂಟೆ. ನನ್ನ ನಂಬರ್ 9ರಿಂದ ಶುರುವಾಗುವುದರಿಂದ ಕೊನೆಯ ಕಾಲು ಭಾಗದಲ್ಲಿ ಸಿಕ್ಕಿತು. ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ ಪರದೆಯ ಮೇಲೆ ನನ್ನದೇ ನಂಬರು. ಇವತ್ತಿನ ದುಬಾರಿ ಕಾರ್ಡುಗಳು ಇದೇ ಕೆಲಸವನ್ನು ಸೆಕೆಂಡಿಗೆ 25 ಲಕ್ಷದ ಲೆಕ್ಕದಲ್ಲಿ ಮಾಡುತ್ತವೆ, ಅಂದರೆ ಅರ್ಧ ಗಂಟೆಗೂ ಕಡಿಮೆ. ವೈಫೈಯ ಒಳಗಿನ ಬೀಗ 128 ಬಿಟ್‌ನದೇ, ಅದಕ್ಕೆ ಏನೂ ಆಗಲಿಲ್ಲ.

ಇದು ಪಾಸ್‌ವರ್ಡ್ ಆರಿಸುವ ಮನುಷ್ಯರ ಸೋಮಾರಿತನ ಮಾತ್ರ, ಕಂಪ್ಯೂಟರೇ ಕೀಲಿ ಹುಟ್ಟಿಸಿದರೆ ತೊಂದರೆ ಇಲ್ಲ ಎಂದುಕೊಳ್ಳುವ ಹಾಗೂ ಇಲ್ಲ. 2006ರಲ್ಲಿ ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ, ಕೀಲಿ ಹುಟ್ಟಿಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಕೋಡನ್ನು ಚೊಕ್ಕ ಮಾಡಲು ಹೋದರು. ದೋಷ ಹುಡುಕುವ ಉಪಕರಣವೊಂದು ಎಚ್ಚರಿಕೆ ಕೊಡುತ್ತಿದೆ ಎಂದು ಒಂದೆರಡು ಸಾಲು ತೆಗೆದುಹಾಕಿದರು. ಯಾದೃಚ್ಛಿಕ ಸಂಖ್ಯೆಗಳ ಕೊಪ್ಪರಿಗೆಗೆ ಹೊರಗಿನ ಕಲಬೆರಕೆ ಬೀಳುತ್ತಿದ್ದದ್ದೇ ಆ ಸಾಲುಗಳಿಂದ. ಅವು ಹೋದ ಮೇಲೆ ಉಳಿದದ್ದು ಪ್ರೋಗ್ರಾಮಿನ ಪ್ರೊಸೆಸ್ ನಂಬರ್ ಒಂದೇ. ಅದು 32,768ರೊಳಗಿನ ಸಂಖ್ಯೆ. ಅಂದರೆ ಒಂದೊಂದು ಬಗೆಯ ಯಂತ್ರದಲ್ಲಿ, ಒಂದೊಂದು ಉದ್ದಕ್ಕೆ, ಹುಟ್ಟಬಹುದಾದ ಕೀಲಿಗಳೇ 32,768. ನಿಮ್ಮ ಆಡಿಟರ್ ಪಾಸ್‌ವರ್ಡಿನ ಹದಿನೈದು ಬಿಟ್ಟೇ! ಕೀಲಿ ನೋಡಿದರೆ 1,024 ಬಿಟ್, 2,048 ಬಿಟ್ ಎಂದು ಠೀವಿಯಿಂದ ಕುಳಿತಿರುತ್ತಿತ್ತು. ಲುಚಿಯಾನೊ ಬೆಲ್ಲೊ ಎಂಬ ಡೆವಲಪರ್ ಇದನ್ನು ಪತ್ತೆಹಚ್ಚಿ, ಸುದ್ದಿ ಹೊರಬಿದ್ದದ್ದು 2008ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಡೆಬಿಯನ್‌ನಿಂದಲೇ ಹುಟ್ಟಿದ ಉಬುಂಟುವಿಗೂ ಅದು ಹಬ್ಬಿತ್ತು, ಆ ಅವಧಿಯಲ್ಲಿ ಹುಟ್ಟಿದ ಕೀಲಿಗಳನ್ನೆಲ್ಲ ಬಿಸಾಡಿ ಹೊಸದಾಗಿ ಮಾಡಬೇಕಾಯಿತು. ಕೀಲಿಯ ಮುಖ ನೋಡಿ ಕೆಟ್ಟದ್ದು ಯಾವುದೆಂದು ಹೇಳಲು ಬರುತ್ತಿರಲಿಲ್ಲ. ಆ 32,768ನ್ನೂ ಮೊದಲೇ ಹುಟ್ಟಿಸಿ ಪಟ್ಟಿ ಮಾಡಿ, ನಿಮ್ಮದು ಆ ಪಟ್ಟಿಯಲ್ಲಿದೆಯೇ ಎಂದು ನೋಡುವುದೊಂದೇ ದಾರಿಯಾಗಿತ್ತು.

ಇನ್ನು ನಿಮ್ಮ ಫೈಲಿಗೆ ಬರೋಣ. ಆಡಿಟರ್ ಹೇಳಿದ 256 ಬಿಟ್ ನಿಜಕ್ಕೂ ಇದೆಯೇ ಎಂದು ಮೊದಲು ನೋಡಿ. 7-Zip ಎಂಬ ತಂತ್ರಾಂಶದಲ್ಲಿ ಫೈಲ್ ತೆರೆದು `Method` ಎಂಬ ಕಂಬಸಾಲು ನೋಡಬಹುದು, ಇಲ್ಲವೇ ಈ ಆಜ್ಞೆ ಕೊಡಬಹುದು:

```
7z l -slt kadata.zip
```

`AES-256 Deflate` ಎಂದಿದ್ದರೆ ಸರಿ. `ZipCrypto Deflate` ಎಂದಿದ್ದರೆ ಅದು ಹಳೇ ಕಾಲದ ಬೀಗ. ಅದನ್ನು ಬಿಚ್ಚಲು ಪಾಸ್‌ವರ್ಡ್ ಹುಡುಕಲೇಬೇಕೆಂದಿಲ್ಲ, ಒಳಗಿನ ಮಾಹಿತಿಯ ಒಂದು ಸಣ್ಣ ತುಣುಕು ಮೊದಲೇ ಗೊತ್ತಿದ್ದರೆ ಕೀಲಿಯನ್ನು ಲೆಕ್ಕ ಹಾಕಿ ತೆಗೆಯುವ ವಿಧಾನ 1994ರಿಂದಲೇ ಇದೆ. ಅಲ್ಲಿ ಪಾಸ್‌ವರ್ಡ್ ಎಷ್ಟು ಉದ್ದವಿದ್ದರೂ ಅಷ್ಟೇ. ಜಿಪ್ ಫೈಲ್ ಮಾಡುವಾಗ ಎರಡರಲ್ಲೊಂದನ್ನು ಆರಿಸುವ ಪಟ್ಟಿ ಬರುತ್ತದೆ, ಗಮನಿಸದಿದ್ದರೆ ಹಳೆಯದೇ ಆಯ್ಕೆಯಾಗಿರುತ್ತದೆ. ಅಂದಹಾಗೆ, ಎರಡರಲ್ಲೂ ಒಳಗಿನ ಫೈಲುಗಳ ಹೆಸರು ಪಾಸ್‌ವರ್ಡ್ ಇಲ್ಲದೆಯೇ ಕಾಣುತ್ತದೆ. ಫೈಲಿನ ಹೆಸರಲ್ಲೇ ಪ್ಯಾನ್ ನಂಬರ್ ಬರೆಯುವ ಅಭ್ಯಾಸ ನಿಮ್ಮ ಆಡಿಟರಿಗಿದ್ದರೆ ಅದನ್ನೂ ಬಿಡಿಸಿ.

ಪಾಸ್‌ವರ್ಡ್ ಎಷ್ಟು ಬಿಟ್ ಇರಬೇಕು ಎಂದರೆ, ಎದುರಾಳಿಯನ್ನು ಸ್ವಲ್ಪ ದೊಡ್ಡದಾಗಿಯೇ ಊಹಿಸಿಕೊಳ್ಳಿ. ಸಾವಿರ ಕಾರ್ಡ್, ಒಂದೊಂದೂ ಸೆಕೆಂಡಿಗೆ ಒಂದು ಕೋಟಿ, ಒಟ್ಟು ಸಾವಿರ ಕೋಟಿ. ಈಗ ದಾಳ ಹಾಕಿ ಪದ ಆರಿಸುವ ವಿಧಾನ ನೋಡಿ. 7,776 ಪದಗಳ ಪಟ್ಟಿ ಇರುತ್ತದೆ, ಐದು ಸಲ ದಾಳ ಉರುಳಿಸಿದರೆ ಒಂದು ಪದ, ಪದಕ್ಕೆ ಸುಮಾರು 13 ಬಿಟ್. ಐದು ಪದಕ್ಕೆ ಈ ಎದುರಾಳಿಗೆ 90 ವರ್ಷ ಬೇಕು. ಆರು ಪದಕ್ಕೆ ಏಳು ಲಕ್ಷ ವರ್ಷ. ಒಂದು ಪದದಿಂದ ಇಷ್ಟು ವ್ಯತ್ಯಾಸ. ಪಟ್ಟಿಯನ್ನು ಕನ್ನಡದಲ್ಲೂ ಮಾಡಿಕೊಳ್ಳಬಹುದು, ಗುಟ್ಟಾಗಿ ಇಡಬೇಕಿಲ್ಲ. 1,296 ಕನ್ನಡ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದಿಟ್ಟುಕೊಂಡು ಪದಕ್ಕೆ ನಾಲ್ಕು ಸಲ ದಾಳ ಹಾಕಿದರೆ ಏಳು ಪದಕ್ಕೆ 72 ಬಿಟ್ ಬರುತ್ತದೆ. ಆದರೆ ಪದ ಆರಿಸುವುದು ದಾಳವೇ ಆಗಿರಬೇಕು. 'ಇದು ಚೆನ್ನಾಗಿಲ್ಲ, ಇನ್ನೊಂದು ಸಲ ಹಾಕೋಣ' ಎಂದು ಇಷ್ಟವಾದ ಪದ ಬರುವವರೆಗೆ ಉರುಳಿಸಿದರೆ ಲೆಕ್ಕ ಕೆಟ್ಟಿತು. ಎಲ್ಲರ ಬಾಯಲ್ಲಿರುವ ವಚನದ ಸಾಲು, ಹಾಡಿನ ಪಲ್ಲವಿ ಎಷ್ಟೇ ಉದ್ದವಿದ್ದರೂ ಅದು ಪದಗಳ ಎಣಿಕೆಯಲ್ಲಿ ಬರುವುದಿಲ್ಲ, ಜನಪ್ರಿಯ ಸಾಲುಗಳ ಎಣಿಕೆಯಲ್ಲಿ ಬರುತ್ತದೆ.

ಆಡಿಟರಿಗೆ ನೂರಾರು ಕಕ್ಷಿದಾರರು, ದಾಳ ಉರುಳಿಸುತ್ತಾ ಕೂರಲು ಅವರಿಗೆ ಪುರುಸೊತ್ತಿಲ್ಲ. ಅವರಿಗೆ ಈ ಆಜ್ಞೆ ಸಾಕು:

```
openssl rand -base64 12
```

ಹನ್ನೆರಡು ಬೈಟ್, 96 ಬಿಟ್, ಹದಿನಾರು ಅಕ್ಷರವಾಗಿ ಬರುತ್ತದೆ. ಪ್ರತಿಯೊಬ್ಬ ಕಕ್ಷಿದಾರರಿಗೂ ಒಂದೊಂದು ಹುಟ್ಟಿಸಿ, ಒಂದು ಸಲ ಫೋನಿನಲ್ಲೋ ಎದುರಿಗೆ ಸಿಕ್ಕಾಗಲೋ ಕೊಟ್ಟು, ನೀವು ಅದನ್ನು ಡೈರಿಯಲ್ಲಿ ಬರೆದಿಟ್ಟುಕೊಂಡರೂ ಅಡ್ಡಿಯಿಲ್ಲ. ಮೇಲ್ ಕದ್ದವನು ನಿಮ್ಮ ಮನೆಯ ಡೈರಿ ತೆರೆಯಲು ಬರುವುದಿಲ್ಲ. ಫೈಲ್ ಹೋದ ಮೇಲ್‌ನಲ್ಲೇ ಪಾಸ್‌ವರ್ಡ್ ಕಳಿಸಿದರೆ ಮಾತ್ರ ಇಷ್ಟೆಲ್ಲ ಲೆಕ್ಕ ನೀರಿನಲ್ಲಿ ಹೋಮ ಮಾಡಿದ ಹಾಗೆ.

ಸುತ್ತುಗಳನ್ನು ಹೆಚ್ಚಿಸಿದರೂ ಆಗುತ್ತದಲ್ಲ ಎಂದು ಕೇಳಿದರೆ, ಆಗುತ್ತದೆ, ಆದರೆ ಸ್ವಲ್ಪ ಮಾತ್ರ. ಸಾವಿರ ಸುತ್ತು ಎಂದರೆ ಪಾಸ್‌ವರ್ಡಿಗೆ ಹತ್ತು ಬಿಟ್ ಸೇರಿಸಿದ ಹಾಗೆ, ಒಂದು ಲಕ್ಷ ಸುತ್ತಾದರೆ ಹದಿನೇಳು ಬಿಟ್‌ನಷ್ಟು. ಹುಡುಕುವವನಿಗೆ ಅಷ್ಟು ಪಟ್ಟು ನಿಧಾನ. ಮೊದಲೇ ಆರು ಬಿಟ್ ಇರುವ ಪಾಸ್‌ವರ್ಡಿಗೆ ಹದಿನೇಳು ಸೇರಿಸಿದರೆ ಇಪ್ಪತ್ಮೂರಾಗುತ್ತದೆ, ಅಷ್ಟೆ. ಅರವತ್ತು ಇಸವಿಗಳನ್ನು ಕೈಯಲ್ಲಿ ಟೈಪ್ ಮಾಡುವವನಿಗೆ ಒಂದೊಂದಕ್ಕೆ ಅರ್ಧ ಸೆಕೆಂಡು ಹೆಚ್ಚು ಕಾಯಿಸಿದರೆ ಅವನೇನೂ ಎದ್ದು ಹೋಗುವುದಿಲ್ಲ.

ಕೊನೆಗೆ ಹಳೆಯ ಫೈಲುಗಳ ಮಾತು. ಪಾಸ್‌ವರ್ಡ್ ಬದಲಿಸಿದರೆ ಮುಂದಿನ ವರ್ಷದ ಫೈಲಿಗಷ್ಟೇ ಹೊಸ ಬೀಗ. ಇಲ್ಲಿಯವರೆಗೆ ಬಂದವು ನಿಮ್ಮ ಇನ್‌ಬಾಕ್ಸಿನಲ್ಲೂ ಆಡಿಟರ ಸೆಂಟ್ ಫೋಲ್ಡರಿನಲ್ಲೂ ಅದೇ ನಾಲ್ಕಕ್ಷರ, ಅದೇ ಇಸವಿಯ ಹಿಂದೆ ಕುಳಿತಿವೆ. ಬೇಕಾದ್ದನ್ನು ಇಳಿಸಿಕೊಂಡು ಎರಡೂ ಕಡೆ ಅಳಿಸಿ, ಟ್ರ್ಯಾಶ್ ಕೂಡ ಖಾಲಿ ಮಾಡಿ. ಆಡಿಟರಿಗೆ ಫೋನ್ ಮಾಡುವ ಕೆಲಸ ಮಗನಿಗೆ ಕೊಡಬೇಡಿ, ನೀವೇ ಮಾಡಿ. ಬೀಗ ಒಳ್ಳೆಯದನ್ನೇ ತಂದಿದ್ದೀರಿ ಎಂದು ಶುರುಮಾಡಿ.